ಸಹಿ ಸರಿಯಿದೆ, ಆದರೆ ಎಷ್ಟು ಬೈಟ್‌ಗಳಿಗೆ?

ಸಾಲದ ಅರ್ಜಿಗಳ ಜೊತೆ ಬರುವ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಈಗ ಬಹುತೇಕ ಎಲ್ಲವೂ ಪಿಡಿಎಫ್ ರೂಪದಲ್ಲೇ ಬರುತ್ತವೆ. ಲಾಂಛನ ಸರಿಯಾಗಿದೆಯೇ, ಅಕ್ಷರಶೈಲಿ ಹೊಂದುತ್ತದೆಯೇ, ಕೂಡು ಕಳೆ ತಾಳೆಯಾಗುತ್ತದೆಯೇ ಎಂದು ನೋಡುವ ಕಾಲವೊಂದಿತ್ತು. ಇವತ್ತು ತಿದ್ದುವವರು ಅಷ್ಟನ್ನು ಬಹಳ ಚೆನ್ನಾಗಿಯೇ ಮಾಡುತ್ತಾರೆ. ಹಾಗಾಗಿ ನಾನು ಪುಟದ ಮೇಲಿನ ಅಂಕಿಗಳನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಕಡತವನ್ನೇ: ಇದಕ್ಕೆ ಬೀಗ ಹಾಕಿದವರು ಯಾರು, ಸಹಿ ಹಾಕಿದವರು ಯಾರು, ಆ ಸಹಿ ಕಡತದ ಎಲ್ಲಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ. ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಅತ್ಯಂತ ನಾಜೂಕಿನ ತಿದ್ದುಪಡಿಗಳು ಸಿಕ್ಕಿಬಿದ್ದದ್ದು ಅದೇ ಪ್ರಶ್ನೆಯಲ್ಲಿ.

ಮೊದಲು ಪಾಸ್‌ವರ್ಡ್ ವಿಷಯ ಮುಗಿಸಿಬಿಡುತ್ತೇನೆ, ಏಕೆಂದರೆ ಅದರ ಮೇಲೆ ಇರಬಾರದಷ್ಟು ನಂಬಿಕೆ ಜನರಿಗಿದೆ. ಕಡತ ತೆರೆಯುವಾಗ ಪಾಸ್‌ವರ್ಡ್ ಕೇಳಿತು, ಹೆಸರಿನ ಮೊದಲ ಅಕ್ಷರಗಳು ಮತ್ತು ಹುಟ್ಟಿದ ದಿನಾಂಕ ಹಾಕಿದರೆ ತೆರೆಯಿತು, ಆದ್ದರಿಂದ ಇದು ಬ್ಯಾಂಕಿನಿಂದಲೇ ಬಂದದ್ದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ವಾದಿಸುವುದನ್ನು ಕೇಳಿದ್ದೇನೆ. ಆ ಪಾಸ್‌ವರ್ಡ್ ರಚಿಸುವ ಸೂತ್ರವನ್ನು ಬ್ಯಾಂಕು ತಾನೇ ಪ್ರತಿ ಇಮೇಲ್‌ನಲ್ಲೂ ಬರೆದು ಕಳುಹಿಸುತ್ತದೆ. ಸೂತ್ರ ಗೊತ್ತಿರುವ ಯಾರು ಬೇಕಾದರೂ ತಾವೇ ತಯಾರಿಸಿದ ಪಿಡಿಎಫ್‌ಗೆ ಅದೇ ಪಾಸ್‌ವರ್ಡ್ ಹಾಕಬಹುದು. ಅದಕ್ಕೆ ಉಚಿತ ತಂತ್ರಾಂಶವೊಂದು ಮತ್ತು ಒಂದು ಸಾಲಿನ ಆದೇಶ ಸಾಕು. ಪಾಸ್‌ವರ್ಡ್ ಇರುವುದು ದಾರಿಯಲ್ಲಿ ಮೂರನೆಯವರು ಕಡತ ತೆರೆಯದಂತೆ ತಡೆಯುವುದಕ್ಕೆ. ಕಳುಹಿಸಿದವರು ಯಾರು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹಾಗೆಂದು ಅದರಿಂದ ಏನೂ ತಿಳಿಯುವುದಿಲ್ಲ ಎಂದಲ್ಲ. ಪಿಡಿಎಫ್‌ಗೆ ಎರಡು ಪಾಸ್‌ವರ್ಡ್‌ಗಳಿರಬಹುದು. ಒಂದು, ಕಡತ ತೆರೆಯಲು ಗ್ರಾಹಕರು ಬಳಸುವುದು. ಇನ್ನೊಂದು ಮಾಲೀಕರ ಪಾಸ್‌ವರ್ಡ್: ಅದು ಬ್ಯಾಂಕಿನ ಬಳಿ ಇರುತ್ತದೆ, ಮುದ್ರಿಸಬಹುದೇ, ನಕಲು ಮಾಡಬಹುದೇ, ತಿದ್ದಬಹುದೇ, ಟಿಪ್ಪಣಿ ಸೇರಿಸಬಹುದೇ ಎಂಬ ಅನುಮತಿಗಳು ಅದರ ಅಧೀನ. ಈ ಅನುಮತಿಗಳನ್ನು ನೋಡಲು ನಾನು ಪಾಪ್ಲರ್ ಎಂಬ ಉಚಿತ ಸಲಕರಣೆಗಳ ಗುಂಪಿನಲ್ಲಿರುವ `pdfinfo` ಬಳಸುತ್ತೇನೆ:

```
pdfinfo -upw PASSWORD statement.pdf
```

ಅದು ಕೊಡುವ ಸಾಲುಗಳಲ್ಲಿ ನನಗೆ ಮುಖ್ಯವಾದದ್ದು ಒಂದು:

```
Encrypted: yes (print:yes copy:no change:no addNotes:no algorithm:AES)
```

ಅಂದರೆ ಮುದ್ರಿಸಲು ಅನುಮತಿಯಿದೆ, ತಿದ್ದಲು ಇಲ್ಲ, ಟಿಪ್ಪಣಿ ಸೇರಿಸಲೂ ಇಲ್ಲ. ಒಂದೇ ಬ್ಯಾಂಕಿನ, ಹತ್ತಿರ ಹತ್ತಿರದ ತಿಂಗಳುಗಳ ಅಸಲಿ ಸ್ಟೇಟ್‌ಮೆಂಟ್‌ಗಳಲ್ಲಿ ಈ ಸಾಲು ಸಾಮಾನ್ಯವಾಗಿ ಒಂದೇ ರೀತಿ ಇರುತ್ತದೆ, ಏಕೆಂದರೆ ಅವನ್ನು ತಯಾರಿಸುವುದು ಒಂದೇ ಯಂತ್ರ, ಒಂದೇ ಹೊಂದಾಣಿಕೆ. ಮೂರು ತಿಂಗಳ ಸ್ಟೇಟ್‌ಮೆಂಟ್‌ಗಳಲ್ಲಿ ಎರಡಕ್ಕೆ ಮೇಲಿನಂತೆ ಬಂದು, ಮೂರನೆಯದಕ್ಕೆ ಎಲ್ಲ ಅನುಮತಿಗಳೂ `yes` ಎಂದು ಬಂದರೆ, ಅಥವಾ ಬೇರೆ ಗೂಢಲಿಪಿ ವಿಧಾನ ಕಂಡರೆ, ಆ ಮೂರನೆಯದನ್ನು ಪಕ್ಕಕ್ಕಿಡುತ್ತೇನೆ. ಇದು ತೀರ್ಪಲ್ಲ, ಅನುಮಾನ ಮಾತ್ರ. ಬ್ಯಾಂಕು ತನ್ನ ತಂತ್ರಾಂಶವನ್ನು ಬದಲಿಸಿರಬಹುದು.

ಇನ್ನೊಂದು ಮಾತು: `change:no` ಎಂದಿದೆ, ಆದ್ದರಿಂದ ಯಾರೂ ತಿದ್ದಿರಲಾರರು ಎಂದು ತಿಳಿಯಬೇಡಿ. ತೆರೆಯುವ ಪಾಸ್‌ವರ್ಡ್ ಕೈಯಲ್ಲಿದ್ದರೆ ಕಡತದ ಒಳಗನ್ನೆಲ್ಲ ಓದಲು ಬೇಕಾದ ಕೀಲಿ ಸಿಕ್ಕಿದಂತೆಯೇ. ಉಳಿದ ಅನುಮತಿಗಳು ತಂತ್ರಾಂಶಕ್ಕೆ ಮಾಡಿಕೊಂಡ ವಿನಂತಿ ಮಾತ್ರ. ಕೆಲವು ತಂತ್ರಾಂಶಗಳು ಆ ವಿನಂತಿಯನ್ನು ಪಾಲಿಸುತ್ತವೆ, ಕೆಲವು ಪಾಲಿಸುವುದಿಲ್ಲ. ಈ ಅಂಶ ಮುಂದೆ ಹೇಳುವ ಪ್ರಕರಣದಲ್ಲಿ ಬೇಕಾಗುತ್ತದೆ.

ಈಗ ಡಿಜಿಟಲ್ ಸಹಿ. ಪುಟದ ಕೆಳಗೆ "ಡಿಜಿಟಲ್ ಸಹಿ ಮಾಡಲಾಗಿದೆ" ಎಂಬ ಬರಹ, ಹೆಸರು, ದಿನಾಂಕ, ಪಕ್ಕದಲ್ಲೊಂದು ಹಸಿರು ಟಿಕ್ ಗುರುತು ಇರುತ್ತದಲ್ಲ, ಅದು ಸಹಿಯಲ್ಲ. ಅದು ಸಹಿಯ ಚಿತ್ರ. ಚಿತ್ರವನ್ನು ಇನ್ನೊಂದು ಕಡತದಿಂದ ಕತ್ತರಿಸಿ ಅಂಟಿಸುವುದು ಸುಲಭ. ಅಡೋಬಿ ರೀಡರ್‌ನಲ್ಲಿ ಕಡತ ತೆರೆದು ಅದರ ಮೇಲೆ ಕ್ಲಿಕ್ ಮಾಡಿ. ನಿಜವಾದ ಸಹಿಯ ಜಾಗವಾಗಿದ್ದರೆ ಪರಿಶೀಲನೆಯ ಕಿಟಕಿ ತೆರೆದುಕೊಳ್ಳುತ್ತದೆ. ಏನೂ ಆಗದಿದ್ದರೆ, ಮೇಲ್ಭಾಗದಲ್ಲಿ ಸಹಿಯ ನೀಲಿ ಪಟ್ಟಿಯೂ ಬಾರದಿದ್ದರೆ, ನೀವು ನೋಡುತ್ತಿರುವುದು ಬರೀ ಚಿತ್ರ. ಬ್ರೌಸರ್‌ನಲ್ಲೋ ಫೋನಿನ ಸಾಮಾನ್ಯ ಪಿಡಿಎಫ್ ಆ್ಯಪ್‌ನಲ್ಲೋ ತೆರೆದು ತೀರ್ಮಾನಕ್ಕೆ ಬರುವುದು ವ್ಯರ್ಥ. ಅವುಗಳಲ್ಲಿ ಹೆಚ್ಚಿನವು ಸಹಿಯನ್ನು ಚಿತ್ರವಾಗಿ ತೋರಿಸುತ್ತವೆಯೇ ಹೊರತು ಪರಿಶೀಲಿಸುವುದಿಲ್ಲ. ಇನ್ನೊಂದು ತಮಾಷೆ ಇದೆ. ಕೆಲವು ಅಸಲಿ ಸ್ಟೇಟ್‌ಮೆಂಟ್‌ಗಳಲ್ಲಿ ಪುಟದ ಮೇಲೆಯೇ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ, ನಕಲಿಯಲ್ಲಿ ಚೆಂದದ ಹಸಿರು ಟಿಕ್ ಇರುತ್ತದೆ. ಕಣ್ಣಿಗೆ ಕಂಡದ್ದನ್ನೇ ನಂಬುವವರು ಅಸಲಿಯನ್ನು ತಿರಸ್ಕರಿಸಿ ನಕಲಿಯನ್ನು ಒಪ್ಪಿಕೊಳ್ಳುತ್ತಾರೆ.

ಸಹಿ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಡತ ಎಂದರೆ ಬೈಟ್‌ಗಳ ಒಂದು ಉದ್ದನೆಯ ಸಾಲು. ಸಹಿ ಹಾಕುವಾಗ ತಂತ್ರಾಂಶವು ಆ ಸಾಲಿನ ನಡುವೆ ಒಂದು ಖಾಲಿ ಜಾಗವನ್ನು ಕಾಯ್ದಿರಿಸುತ್ತದೆ. ಆ ಜಾಗವನ್ನು ಬಿಟ್ಟು, ಅದರ ಹಿಂದಿನ ಮತ್ತು ಮುಂದಿನ ಎಲ್ಲ ಬೈಟ್‌ಗಳನ್ನು ಸೇರಿಸಿ ಒಂದು ಸಂಕ್ಷಿಪ್ತ ಮೊತ್ತವನ್ನು ಲೆಕ್ಕ ಹಾಕುತ್ತದೆ. ಅದನ್ನೇ ಹ್ಯಾಶ್ ಎನ್ನುತ್ತಾರೆ. ಆ ಹ್ಯಾಶ್‌ಗೆ ಬ್ಯಾಂಕಿನ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಸಹಿ ಮಾಡಿ, ಜೊತೆಗೆ ಸಹಿ ಯಾರದೆಂದು ಹೇಳುವ ಪ್ರಮಾಣಪತ್ರವನ್ನೂ ಸೇರಿಸಿ, ಕಾಯ್ದಿರಿಸಿದ ಜಾಗದಲ್ಲಿ ತುಂಬುತ್ತದೆ. ಯಾವ ಬೈಟ್‌ನಿಂದ ಯಾವ ಬೈಟ್‌ವರೆಗೆ ಲೆಕ್ಕಕ್ಕೆ ತೆಗೆದುಕೊಂಡೆ ಎಂಬುದನ್ನು ಕಡತದಲ್ಲೇ `ByteRange` ಎಂಬ ಹೆಸರಿನಲ್ಲಿ ನಾಲ್ಕು ಸಂಖ್ಯೆಗಳಾಗಿ ಬರೆದಿಡುತ್ತದೆ. ಆ ವ್ಯಾಪ್ತಿಯೊಳಗೆ ಒಂದೇ ಒಂದು ಬೈಟ್ ಬದಲಾದರೂ ಹ್ಯಾಶ್ ತಾಳೆಯಾಗುವುದಿಲ್ಲ, ಸಹಿ ಮುರಿಯುತ್ತದೆ.

ಆದರೆ ವ್ಯಾಪ್ತಿಯ ಹೊರಗೆ? ಪಿಡಿಎಫ್‌ನ ವಿನ್ಯಾಸದಲ್ಲೇ ಒಂದು ಅವಕಾಶವಿದೆ: ಹಳೆಯ ಬೈಟ್‌ಗಳನ್ನು ಮುಟ್ಟದೆ, ಕಡತದ ಬಾಲಕ್ಕೆ ಹೊಸ ಭಾಗವನ್ನು ಜೋಡಿಸುತ್ತಾ ಹೋಗಬಹುದು. ಹೊಸ ಭಾಗದಲ್ಲಿ "ಈ ಪುಟದ ಮೇಲೆ ಇದನ್ನೂ ತೋರಿಸು" ಎಂದು ಹೇಳಬಹುದು. ಒಂದೇ ಕರಾರಿಗೆ ಹಲವರು ಒಬ್ಬರಾದ ಮೇಲೊಬ್ಬರು ಸಹಿ ಹಾಕಲು ಸಾಧ್ಯವಾಗುವುದು ಈ ಸೌಲಭ್ಯದಿಂದಲೇ. ಜರ್ಮನಿಯ ರೂರ್ ವಿಶ್ವವಿದ್ಯಾಲಯ ಬೋಖುಮ್‌ನ ಸಂಶೋಧಕರು 2019ರಲ್ಲಿ, ಇಂಥ ಜೋಡಣೆಯ ಮೂಲಕ ಸಹಿಯಾದ ಪಿಡಿಎಫ್‌ನಲ್ಲಿ ಕಾಣುವ ವಿಷಯವನ್ನು ಬದಲಿಸಿಯೂ ಹಲವು ತಂತ್ರಾಂಶಗಳಿಂದ ಸಹಿ ಸರಿಯಿದೆ ಎಂದು ಹೇಳಿಸಬಹುದು ಎಂಬುದನ್ನು ತೋರಿಸಿಕೊಟ್ಟರು. ತಯಾರಕರು ಆಮೇಲೆ ತಂತ್ರಾಂಶಗಳನ್ನು ಸರಿಪಡಿಸಿದರು. ಹಾಗಾಗಿ ಹಳೆಯ ಆವೃತ್ತಿಯ ರೀಡರ್ ಇಟ್ಟುಕೊಂಡು ಈ ಕೆಲಸ ಮಾಡಬಾರದು. ಆದರೆ ಸಾಮಾನ್ಯ ತಿದ್ದುಪಡಿದಾರನಿಗೆ ಅಂಥ ಜಾಣ ದಾಳಿಯ ಅಗತ್ಯವೂ ಇಲ್ಲ. ನನ್ನ ಮುಂದೆ ಬಂದ ಕಡತದಲ್ಲಿ ಇದ್ದದ್ದು ಅದಕ್ಕಿಂತ ಬಹಳ ಸರಳವಾದ ಉಪಾಯ.

ಅದು ಒಂದು ತಿಂಗಳ ಸ್ಟೇಟ್‌ಮೆಂಟ್. ಪಾಸ್‌ವರ್ಡ್ ಇತ್ತು, ಬ್ಯಾಂಕಿನ ಸೂತ್ರಕ್ಕೆ ಸರಿಯಾಗಿ ತೆರೆಯಿತು. ಆರಂಭದ ಶಿಲ್ಕು 6,310. ಜಮಾ ಒಂದೇ, 3,48,500. ಖರ್ಚುಗಳೆಲ್ಲ ಸೇರಿ 36,570. ಕೊನೆಯ ಶಿಲ್ಕು 3,18,240. ಲೆಕ್ಕ ಸರಿಯಾಗಿದೆ, ಬೇಕಾದರೆ ಕೂಡಿ ನೋಡಿ. ಪ್ರತಿ ಸಾಲಿನ ಶಿಲ್ಕೂ ತಾಳೆಯಾಗುತ್ತಿತ್ತು. ಸಹಿಯೂ ಇತ್ತು, ಅದನ್ನು ಕ್ಲಿಕ್ ಮಾಡಿದರೆ ಕಿಟಕಿಯೂ ತೆರೆಯುತ್ತಿತ್ತು. ಅಡೋಬಿಯ ನೀಲಿ ಪಟ್ಟಿಯಲ್ಲಿ ಬಂದ ವಾಕ್ಯ ಇದು:

```
Signed and all signatures are valid, but with
unsigned changes after the last signature.
```

ಮೊದಲ ಅರ್ಧ ಓದಿ ನಿಲ್ಲಿಸುವವರೇ ಹೆಚ್ಚು. ಎಲ್ಲ ಸಹಿಗಳೂ ಸರಿಯಿವೆ ಎನ್ನುತ್ತದೆ ಮೊದಲ ಅರ್ಧ. ಕೊನೆಯ ಸಹಿಯ ನಂತರ, ಸಹಿಯಿಲ್ಲದ ಬದಲಾವಣೆಗಳಾಗಿವೆ ಎನ್ನುತ್ತದೆ ಉಳಿದರ್ಧ. ನನಗೆ ಬೇಕಿದ್ದದ್ದು ಈ ಉಳಿದರ್ಧ. ಇಂಥಲ್ಲಿ ನಾನು ಪಾಪ್ಲರ್‌ನದೇ ಇನ್ನೊಂದು ಸಲಕರಣೆ `pdfsig` ಬಳಸುತ್ತೇನೆ:

```
pdfsig -upw PASSWORD statement.pdf

  - Signed Ranges: [0 - 180342], [196728 - 199838]
  - Not total document signed
  - Signature Validation: Signature is Valid.
```

ಮೇಲಿನ ಸಂಖ್ಯೆಗಳನ್ನು ನಿಧಾನವಾಗಿ ಓದೋಣ. ಸಹಿ ಕಾಯುತ್ತಿರುವುದು ಸೊನ್ನೆಯಿಂದ 180342ರವರೆಗೆ, ನಂತರ 196728ರಿಂದ 199838ರವರೆಗೆ. ನಡುವಿನ ಕಂದಕ 16386 ಬೈಟ್; ಅದು ಸಹಿಯನ್ನೇ ಇಟ್ಟಿರುವ ಜಾಗ, ಅದರ ಬಗ್ಗೆ ಚಿಂತೆಯಿಲ್ಲ. ಎಣಿಕೆ 199838ರಲ್ಲಿ ಮುಗಿಯುತ್ತದೆ. ಕಡತದ ಒಟ್ಟು ಗಾತ್ರ ಎಷ್ಟೆಂದು ನೋಡಿದರೆ 206551 ಬೈಟ್. ಅಂದರೆ 6713 ಬೈಟ್‌ಗಳು ಸಹಿಯ ಆಚೆ, ಬಾಲದಲ್ಲಿ, ಯಾರ ಹೊಣೆಯೂ ಇಲ್ಲದೆ ಕುಳಿತಿವೆ. `Not total document signed` ಎಂಬ ಸಾಲು ಹೇಳುವುದೂ ಅದನ್ನೇ. ಸಹಿಯ ನಂತರ ಏನನ್ನೂ ಜೋಡಿಸದ ಕಡತವಾಗಿದ್ದರೆ ಅಲ್ಲಿ `Total document signed` ಎಂದು ಬರುತ್ತದೆ, ಎರಡನೆಯ ವ್ಯಾಪ್ತಿ ಕಡತದ ಕೊನೆಯ ಬೈಟ್‌ನಲ್ಲಿ ಮುಗಿಯುತ್ತದೆ.

ಇದನ್ನು ತಿಳಿಯಲು ಪಾಸ್‌ವರ್ಡ್ ಕೂಡ ಬೇಕಾಗುವುದಿಲ್ಲ ಎಂಬುದು ನನಗೆ ಇಷ್ಟವಾದ ಸಂಗತಿ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿದಾಗ ಅದರೊಳಗಿನ ಪಠ್ಯ, ಚಿತ್ರ ಮುಂತಾದವು ಗೂಢಲಿಪಿಗೆ ಹೋಗುತ್ತವೆ. ಬರಿಯ ಸಂಖ್ಯೆಗಳು ಹಾಗೇ ಉಳಿಯುತ್ತವೆ. `ByteRange` ಬರಿಯ ಸಂಖ್ಯೆಗಳ ಪಟ್ಟಿ. ಆದ್ದರಿಂದ ಬೀಗ ಹಾಕಿದ ಕಡತದಲ್ಲೂ ಈ ಆದೇಶ ಕೆಲಸ ಮಾಡುತ್ತದೆ:

```
grep -a ByteRange statement.pdf

/ByteRange [0 180342 196728 3110]
```

ಇಲ್ಲಿ ಕೊನೆಯ ಸಂಖ್ಯೆ ಎರಡನೆಯ ತುಂಡಿನ ಉದ್ದ. 196728ಕ್ಕೆ 3110 ಕೂಡಿಸಿದರೆ 199838. ಕಡತದ ಗಾತ್ರಕ್ಕೆ ಹೋಲಿಸಿ ನೋಡಿದರೆ ಮುಗಿಯಿತು. ಅರ್ಜಿದಾರರು ಪಾಸ್‌ವರ್ಡ್ ಕಳುಹಿಸುವ ಮೊದಲೇ ಬಾಲವಿರುವ ಕಡತ ಯಾವುದು, ಇಲ್ಲದ್ದು ಯಾವುದು ಎಂದು ನಾನು ವಿಂಗಡಿಸಿ ಇಟ್ಟಿರುತ್ತೇನೆ.

ಬಾಲವಿದೆ ಎಂದ ಮಾತ್ರಕ್ಕೆ ಮೋಸ ಎಂದಲ್ಲ. ಸಂಬಳ ಜಮಾ ಆದ ಸಾಲುಗಳನ್ನು ಹಳದಿ ಬಣ್ಣದಿಂದ ಗುರುತಿಸಿ ಕಳುಹಿಸಿ ಎಂದು ನಮ್ಮಂಥ ಕಚೇರಿಗಳೇ ಅರ್ಜಿದಾರರಿಗೆ ಹೇಳುವುದುಂಟು. ಅವರು ಪಾಪ, ಹೇಳಿದಂತೆ ಗುರುತಿಸಿ ಉಳಿಸಿರುತ್ತಾರೆ. ಆ ಹಳದಿ ಗೆರೆಗಳು ಬಾಲದಲ್ಲಿ ಹೋಗಿ ಕೂರುತ್ತವೆ. ಬ್ಯಾಂಕಿನ ತಂತ್ರಾಂಶವೇ ಸಹಿಯ ನಂತರ ಪ್ರಮಾಣಪತ್ರದ ಪರಿಶೀಲನೆಗೆ ಬೇಕಾದ ಮಾಹಿತಿಯನ್ನೋ ಕಾಲಮುದ್ರೆಯನ್ನೋ ಜೋಡಿಸುವುದೂ ಇದೆ. ಆದ್ದರಿಂದ ಮುಂದಿನ ಹೆಜ್ಜೆ ಬಾಲದಲ್ಲಿ ಏನಿದೆ ಎಂದು ಊಹಿಸುವುದಲ್ಲ, ಬಾಲವನ್ನು ಕತ್ತರಿಸಿ ನೋಡುವುದು.

ಹಳೆಯ ಬೈಟ್‌ಗಳನ್ನು ಯಾರೂ ಮುಟ್ಟಿಲ್ಲ ಎಂಬುದನ್ನು ಸಹಿಯೇ ಖಚಿತಪಡಿಸಿದೆ. ಹಾಗಾದರೆ ಬ್ಯಾಂಕು ಸಹಿ ಹಾಕಿದ ಮೂಲ ಪ್ರತಿ ಈ ಕಡತದ ಒಳಗೇ ಪೂರ್ತಿಯಾಗಿ ಇದೆ, ಮೊದಲ 199838 ಬೈಟ್‌ಗಳಲ್ಲಿ:

```
head -c 199838 statement.pdf > signed.pdf
```

ಹೊಸ ಕಡತ ಅದೇ ಪಾಸ್‌ವರ್ಡ್‌ಗೆ ತೆರೆಯುತ್ತದೆ. ಅಡೋಬಿಯಲ್ಲೂ ಇದೇ ಕೆಲಸ ಮಾಡಬಹುದು: ಸಹಿಯ ಫಲಕವನ್ನು ಬಿಡಿಸಿ `Click to view this version` ಎಂಬಲ್ಲಿ ಒತ್ತಿದರೆ ಸಹಿಯಾದ ಆವೃತ್ತಿ ಬೇರೆಯಾಗಿ ತೆರೆಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸಹಿಯಾದ ಆವೃತ್ತಿಯಲ್ಲಿ ಜಮಾ 48,500. ಕೊನೆಯ ಶಿಲ್ಕು 18,240.

ಉಪಾಯ ಏನೆಂದು ಆಗ ಗೊತ್ತಾಯಿತು. ಸ್ಟೇಟ್‌ಮೆಂಟ್‌ಗಳಲ್ಲಿ ಮೊತ್ತದ ಅಂಕಣವನ್ನು ಬಲಕ್ಕೆ ಜೋಡಿಸಿರುತ್ತಾರೆ, ಎಡಗಡೆ ಖಾಲಿ ಜಾಗವಿರುತ್ತದೆ. ತಿದ್ದಿದವರು ಯಾವ ಅಂಕಿಯನ್ನೂ ಅಳಿಸಿಲ್ಲ, ಯಾವುದರ ಮೇಲೂ ಬಿಳಿ ಬಳಿದಿಲ್ಲ. ಜಮಾ ಸಾಲಿನಲ್ಲೂ, ಅಲ್ಲಿಂದ ಮುಂದಿನ ಪ್ರತಿ ಶಿಲ್ಕಿನ ಎಡಕ್ಕೂ, "3," ಎಂಬ ಎರಡೇ ಅಕ್ಷರಗಳ ಒಂದೊಂದು ಪಠ್ಯಚೌಕವನ್ನು ಟಿಪ್ಪಣಿಯಾಗಿ ಇಟ್ಟಿದ್ದಾರೆ. ಎಲ್ಲ ಸಾಲುಗಳಿಗೂ ಒಂದೇ ಮೊತ್ತ ಸೇರಿದ್ದರಿಂದ ಕೂಡು ಕಳೆ ತಪ್ಪಲಿಲ್ಲ. ಅಡೋಬಿಯ ಟಿಪ್ಪಣಿಗಳ ಫಲಕ ತೆರೆದಾಗ ಬಲಗಡೆ ಉದ್ದಕ್ಕೂ "3,", "3,", "3," ಎಂದು ಸಾಲುಗಟ್ಟಿ ನಿಂತವು. ಅಂಕಿಯ ಆಕಾರ ಬ್ಯಾಂಕಿನ ಅಕ್ಷರಶೈಲಿಗೆ ಎಷ್ಟು ಹೊಂದಿತ್ತೆಂದರೆ, ಮುದ್ರಿಸಿದ ಕಾಗದದ ಮೇಲೆ ನಾನಂತೂ ಗುರುತಿಸುತ್ತಿರಲಿಲ್ಲ.

ಇಲ್ಲಿ ಅನುಮತಿಗಳ ಸಾಲಿಗೆ ಮರಳಬೇಕು. ಈ ಕಡತದಲ್ಲೂ `addNotes:no` ಎಂದೇ ಇತ್ತು. ಟಿಪ್ಪಣಿ ಸೇರಿಸಬಾರದು ಎಂದು ಬ್ಯಾಂಕು ಹೇಳಿದ ಕಡತದಲ್ಲಿ ಟಿಪ್ಪಣಿಗಳಿವೆ. ಅನುಮತಿಯನ್ನು ಪಾಲಿಸುವ ತಂತ್ರಾಂಶದಲ್ಲಿ ಇದನ್ನು ಮಾಡಲು ಬರುವುದಿಲ್ಲ. ಪಾಲಿಸದ ತಂತ್ರಾಂಶವನ್ನು ಬಳಸಲಾಗಿದೆ. ಪಾಸ್‌ವರ್ಡ್ ರಕ್ಷಣೆ ತಿದ್ದುಪಡಿಯನ್ನು ತಡೆಯಲಿಲ್ಲ, ಆದರೆ ತಿದ್ದುಪಡಿ ನಡೆದ ಬಗೆಯನ್ನು ಹೇಳಿತು. ಹಳದಿ ಗೆರೆ ಎಳೆದ ನಿರಪರಾಧಿಯೂ ಅಂಥ ತಂತ್ರಾಂಶ ಬಳಸಿರಬಹುದು ಎಂಬುದು ನಿಜ. ಅದಕ್ಕೇ ಎರಡು ಆವೃತ್ತಿಗಳ ಅಂಕಿಗಳನ್ನು ಹೋಲಿಸದೆ ನಾನು ಏನನ್ನೂ ಬರೆಯುವುದಿಲ್ಲ. ಈ ಪ್ರಕರಣದಲ್ಲಿ ವರದಿ ಬರೆಯುವುದು ಸುಲಭವಾಯಿತು: ಬ್ಯಾಂಕು ಸಹಿ ಮಾಡಿದ ಮೊತ್ತ ಇಷ್ಟು, ಪರದೆಯ ಮೇಲೆ ಕಾಣುವ ಮೊತ್ತ ಇಷ್ಟು, ವ್ಯತ್ಯಾಸ ಇರುವುದು ಸಹಿಯ ವ್ಯಾಪ್ತಿಯ ಹೊರಗೆ.

ಇನ್ನು ಬೀಗವೇ ಇಲ್ಲದ, ಸಹಿಯೂ ಇಲ್ಲದ ಕಡತಗಳು. ಸಂಖ್ಯೆಯಲ್ಲಿ ಇವೇ ಹೆಚ್ಚು, ಮತ್ತು ಇವುಗಳಲ್ಲಿ ಬಹುಪಾಲು ಪ್ರಾಮಾಣಿಕರವು. ಪಾಸ್‌ವರ್ಡ್ ತೆಗೆದು ಕಳುಹಿಸಿ ಎಂದು ಸಾಲ ಕೊಡುವವರು ಕೇಳುತ್ತಾರೆ. ಗ್ರಾಹಕರು ಕಡತ ತೆರೆದು, "ಪಿಡಿಎಫ್ ಆಗಿ ಮುದ್ರಿಸು" ಎಂದು ಕೊಟ್ಟು ಹೊಸ ಕಡತ ಮಾಡಿಕೊಳ್ಳುತ್ತಾರೆ. ಬೀಗದ ಜೊತೆ ಸಹಿಯೂ ಹೋಗುತ್ತದೆ, ಉಳಿಯುವುದು ಸಹಿಯ ಚಿತ್ರ. ಬೇರೆ ದಾರಿಯಿಲ್ಲ: ಬ್ಯಾಂಕು ಮೊದಲು ಗೂಢಲಿಪಿಗೆ ಹಾಕಿ, ಆ ಬೈಟ್‌ಗಳ ಮೇಲೆ ಸಹಿ ಮಾಡಿರುತ್ತದೆ. ಗೂಢಲಿಪಿ ಬಿಡಿಸಿದರೆ ಬೈಟ್‌ಗಳು ಬದಲಾಗುತ್ತವೆ. ಪಾಸ್‌ವರ್ಡ್‌ನೊಂದಿಗೆ ಬಂದ ಸ್ಟೇಟ್‌ಮೆಂಟ್‌ನಿಂದ ಪಾಸ್‌ವರ್ಡ್ ಮಾತ್ರ ತೆಗೆದು ಸಹಿಯನ್ನು ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ. ಬೀಗವಿಲ್ಲದ ಕಡತದಲ್ಲಿ ಬ್ಯಾಂಕಿನ ಸಹಿ ಸರಿಯಾಗಿ ತಾಳೆಯಾದರೆ, ಬ್ಯಾಂಕು ಅದನ್ನು ಬೀಗವಿಲ್ಲದೆಯೇ ಕೊಟ್ಟಿದೆ ಎಂದರ್ಥ. ಆನ್‌ಲೈನ್ ಖಾತೆಯಿಂದ ನೇರವಾಗಿ ಇಳಿಸಿಕೊಂಡಾಗ ಹೀಗಾಗುತ್ತದೆ.

ಮರುಮುದ್ರಿತ ಕಡತವನ್ನು ಗುರುತಿಸಲು `pdfinfo` ತೋರಿಸುವ `Producer` ಸಾಲು ಸಾಕು. `Microsoft: Print To PDF` ಎಂದೋ, `Skia/PDF` ಎಂದೋ ಇದ್ದರೆ, ಅದು ಹೆಚ್ಚಾಗಿ ಯಾರದೋ ಕಂಪ್ಯೂಟರಿನಲ್ಲಿ ಮತ್ತೆ ಹುಟ್ಟಿದ ಕಡತ; ಎರಡನೆಯದು ಕ್ರೋಮ್ ಬ್ರೌಸರ್‌ನ ಗುರುತು. ಇದನ್ನು ನಾನು ನಕಲಿ ಎನ್ನುವುದಿಲ್ಲ, ಅಸಲಿ ಎಂದೂ ಹೇಳುವುದಿಲ್ಲ. ಪರಿಶೀಲಿಸಲು ಇದರಲ್ಲಿ ಏನೂ ಉಳಿದಿಲ್ಲ ಎಂದು ಬರೆದು, ಮೂಲ ಕಡತ ಕೇಳುತ್ತೇನೆ: ಬ್ಯಾಂಕಿನಿಂದ ಬಂದ ಇಮೇಲ್‌ನ ಲಗತ್ತನ್ನು ತೆರೆಯದೆ, ಉಳಿಸದೆ, ಹಾಗೆಯೇ ಕಳುಹಿಸಿ, ಪಾಸ್‌ವರ್ಡ್ ಬೇರೆ ದಾರಿಯಲ್ಲಿ ತಿಳಿಸಿ. ಲಗತ್ತಾಗಿಯೋ, ಸಂದೇಶ ಆ್ಯಪ್‌ನಲ್ಲಿ ದಾಖಲೆಯಾಗಿಯೋ ಮುಂದೂಡಿದರೆ ಬೈಟ್‌ಗಳು ಬದಲಾಗುವುದಿಲ್ಲ, ಸಹಿಗೆ ತೊಂದರೆಯಿಲ್ಲ. ಪಾಸ್‌ವರ್ಡ್ ತೆಗೆದುಕೊಡುವ ಜಾಲತಾಣಗಳಿಗೆ ಸ್ಟೇಟ್‌ಮೆಂಟ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಮ್ಮ ಖಾತೆಯ ಪೂರ್ತಿ ವಿವರವನ್ನು ಅಪರಿಚಿತರ ಕೈಗೆ ಕೊಟ್ಟು, ಪ್ರತಿಯಾಗಿ ಪಡೆಯುವುದು ಸಹಿ ಮುರಿದ ಕಡತವನ್ನು. ಆ ಸಿಟ್ಟಿನ ಅರ್ಧ ಪಾಲು ಬೀಗ ತೆಗೆಸಿ ತನ್ನಿ ಎಂದು ಹೇಳುವ ಕಚೇರಿಗಳಿಗೂ ಸಲ್ಲಬೇಕು.

ಸಹಿ ಪೂರ್ತಿ ಕಡತಕ್ಕೆ ಅನ್ವಯಿಸುತ್ತದೆ, ಹ್ಯಾಶ್ ತಾಳೆಯಾಗಿದೆ ಎಂದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಸಹಿ ಮಾಡಿದ್ದು ಬ್ಯಾಂಕೇ? ಅಡೋಬಿಯಲ್ಲೇ ಯಾರು ಬೇಕಾದರೂ ತಮಗಿಷ್ಟ ಬಂದ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಸೃಷ್ಟಿಸಿಕೊಳ್ಳಬಹುದು. ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರು ಬರೆದರೆ ಯಾರೂ ತಡೆಯುವುದಿಲ್ಲ. ಅದರಿಂದ ಸಹಿ ಮಾಡಿದ ನಕಲಿ ಸ್ಟೇಟ್‌ಮೆಂಟ್‌ನಲ್ಲೂ `pdfsig` ಹೇಳುವುದು `Signature is Valid` ಎಂದೇ. ಏಕೆಂದರೆ ಬೈಟ್‌ಗಳು ಬದಲಾಗಿಲ್ಲ ಎಂಬುದಷ್ಟೇ ಆ ಸಾಲಿನ ಅರ್ಥ. ಅದರ ಕೆಳಗಿನ ಸಾಲು ಬೇರೆ:

```
  - Certificate Validation: Certificate issuer is unknown.
```

ಪ್ರಮಾಣಪತ್ರ ಕೊಟ್ಟವರು ಯಾರೆಂದು ತಿಳಿಯದು ಎನ್ನುತ್ತದೆ ಇದು. ಅಡೋಬಿ ಇದನ್ನೇ ಹಳದಿ ಚಿಹ್ನೆಯೊಂದಿಗೆ ಸಹಿಯ ಸಿಂಧುತ್ವ ಗೊತ್ತಿಲ್ಲ ಎಂಬರ್ಥದಲ್ಲಿ ಹೇಳುತ್ತದೆ. ತೊಂದರೆ ಏನೆಂದರೆ, ಅಸಲಿ ಬ್ಯಾಂಕಿನ ಸಹಿಗೂ ಎಷ್ಟೋ ಸಲ ಇದೇ ಸಾಲು ಬರುತ್ತದೆ. ಅಡೋಬಿ ತನ್ನದೇ ಒಂದು ನಂಬಿಕಸ್ಥರ ಪಟ್ಟಿ ಇಟ್ಟುಕೊಂಡಿದೆ, ಪಾಪ್ಲರ್ ಬೇರೊಂದು ಸಂಗ್ರಹವನ್ನು ನೋಡುತ್ತದೆ. ಬ್ಯಾಂಕಿಗೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಮೂಲ ಪ್ರಮಾಣಪತ್ರ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ತಂತ್ರಾಂಶಕ್ಕೆ ಅದು ಅಪರಿಚಿತವೇ. ಹಳದಿ ಚಿಹ್ನೆ ನೋಡಿ ತಿರಸ್ಕರಿಸುವುದೂ ತಪ್ಪು, ಎಲ್ಲರಿಗೂ ಹೀಗೇ ಬರುತ್ತದೆ ಎಂದು ಒಪ್ಪಿಕೊಳ್ಳುವುದೂ ತಪ್ಪು.

ವ್ಯತ್ಯಾಸ ಕಾಣುವುದು ಪ್ರಮಾಣಪತ್ರವನ್ನೇ ತೆರೆದಾಗ. ಅಡೋಬಿಯಲ್ಲಿ ಸಹಿಯ ಗುಣಲಕ್ಷಣಗಳಿಗೆ ಹೋಗಿ `Show Signer's Certificate` ಒತ್ತಿ. ಎಡಗಡೆ ಒಂದು ಸರಪಳಿ ಕಾಣುತ್ತದೆ: ಕೆಳಗೆ ಬ್ಯಾಂಕು ಅಥವಾ ಬ್ಯಾಂಕಿನ ಅಧಿಕಾರಿ, ಅದರ ಮೇಲೆ ಪ್ರಮಾಣಪತ್ರ ಕೊಟ್ಟ ಸಂಸ್ಥೆ, ತುದಿಯಲ್ಲಿ ಮೂಲ. ಮನೆಯಲ್ಲೇ ಮಾಡಿಕೊಂಡ ಪ್ರಮಾಣಪತ್ರದಲ್ಲಿ ಸರಪಳಿ ಎಂಬುದೇ ಇರುವುದಿಲ್ಲ. ಒಂದೇ ಕೊಂಡಿ, ಕೊಟ್ಟವರೂ ಪಡೆದವರೂ ಒಬ್ಬರೇ. ಸರಪಳಿ ಇದ್ದರೂ ಅದನ್ನೂ ಕೃತಕವಾಗಿ ಹೆಣೆಯಬಹುದು. ಆದ್ದರಿಂದ ತುದಿಯ ಮೂಲ ಪ್ರಮಾಣಪತ್ರದ ಬೆರಳಚ್ಚು ಸಂಖ್ಯೆಯನ್ನು, ಆ ಸಂಸ್ಥೆ ತನ್ನ ಜಾಲತಾಣದಲ್ಲಿ ಪ್ರಕಟಿಸಿರುವ ಸಂಖ್ಯೆಯೊಂದಿಗೆ ಹೋಲಿಸುತ್ತೇನೆ. ತಾಳೆಯಾದರೆ ಆ ಮೂಲವನ್ನು ನನ್ನ ಯಂತ್ರದ ನಂಬಿಕಸ್ಥರ ಪಟ್ಟಿಗೆ ಸೇರಿಸುತ್ತೇನೆ. ಮುಂದಿನ ಕಡತಗಳಿಗೆ ತಂತ್ರಾಂಶವೇ ಉತ್ತರ ಕೊಡುತ್ತದೆ. ಹಳದಿ ಚಿಹ್ನೆಯ ಕಿರಿಕಿರಿ ತಾಳಲಾರದೆ, ಕೈಗೆ ಬಂದ ಕಡತದ ಸಹಿಯನ್ನೇ ನೇರವಾಗಿ ನಂಬಿಕಸ್ಥರ ಪಟ್ಟಿಗೆ ಸೇರಿಸಿ ಹಸಿರು ಮಾಡಿಕೊಳ್ಳುವವರಿದ್ದಾರೆ. ಆ ಹಸಿರನ್ನು ಕೊಟ್ಟದ್ದು ಅವರೇ, ಬ್ಯಾಂಕಲ್ಲ. ಹಾಗೆ ಸೇರಿಸಿದ ಕಂಪ್ಯೂಟರಿನಲ್ಲಿ ಮುಂದೆ ಅದೇ ನಕಲಿ ಪ್ರಮಾಣಪತ್ರದ ಪ್ರತಿ ಕಡತವೂ ಹಸಿರಾಗಿಯೇ ಬರುತ್ತದೆ.

ದಿನಾಂಕವನ್ನೂ ಒಮ್ಮೆ ನೋಡುತ್ತೇನೆ. ಸಹಿಯಾದ ದಿನ ಸ್ಟೇಟ್‌ಮೆಂಟ್ ಅವಧಿಯ ಕೊನೆಯ ದಿನಕ್ಕಿಂತ ಮೊದಲಿರಬಾರದು, ಪ್ರಮಾಣಪತ್ರದ ಅವಧಿಯ ಒಳಗಿರಬೇಕು. ಆದರೆ ಕಾಲಮುದ್ರೆ ಸೇವೆಯಿಂದ ಮುದ್ರೆ ಪಡೆದಿಲ್ಲದಿದ್ದರೆ ಆ ಸಮಯ ಸಹಿ ಮಾಡಿದ ಯಂತ್ರದ ಗಡಿಯಾರದ್ದು ಮಾತ್ರ. ಅಡೋಬಿಯೇ ಅದನ್ನು ಬರೆದು ತೋರಿಸುತ್ತದೆ. ಸರಪಳಿ ಗಟ್ಟಿಯಿದ್ದರೆ ಗಡಿಯಾರದ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ತಾಳೆಯಾದ ಮೇಲೂ ಸಹಿ ಹೇಳುವುದು ಈ ಬೈಟ್‌ಗಳು ಬ್ಯಾಂಕಿನವು ಎಂದು. ಖಾತೆ ಈ ಅರ್ಜಿದಾರರದೇ, ಜಮಾ ಆದ ಹಣ ನಿಜವಾದ ಸಂಬಳವೇ ಎಂಬುದೆಲ್ಲ ಬೇರೆ ಪರಿಶೀಲನೆ. ಸಹಿಯೇ ಹಾಕದ ಬ್ಯಾಂಕುಗಳೂ ಇವೆ. ಅವುಗಳ ಕಡತದಲ್ಲಿ ಸಹಿ ಹುಡುಕುವುದರಲ್ಲಿ ಅರ್ಥವಿಲ್ಲ. ಅಂಥಲ್ಲಿ ಅರ್ಜಿದಾರರ ಒಪ್ಪಿಗೆ ಪಡೆದು ಬ್ಯಾಂಕಿನಿಂದಲೇ ನೇರವಾಗಿ ತರಿಸಿಕೊಳ್ಳುತ್ತೇನೆ.

ಪ್ರಮಾಣಪತ್ರಗಳಿಗೆ ಅವಧಿ ಇರುವುದರಿಂದ, ಇವತ್ತು ಸರಿಯೆಂದು ಬಂದ ಸಹಿ ಕೆಲವು ವರ್ಷಗಳ ನಂತರ ತೆರೆದಾಗ ಅವಧಿ ಮುಗಿದಿದೆ ಎಂದು ಹೇಳಬಹುದು. ಸಹಿಯಾದಾಗ ಅವಧಿಯೊಳಗಿತ್ತು ಎಂಬುದನ್ನು ಆಗ ತೋರಿಸಬೇಕಾಗುತ್ತದೆ. ಹಾಗಾಗಿ ಪರಿಶೀಲಿಸಿದ ದಿನವೇ `pdfsig` ಕೊಟ್ಟ ಉತ್ತರವನ್ನು ಪಠ್ಯ ಕಡತವಾಗಿ ಉಳಿಸಿ, ಅರ್ಜಿದಾರರು ಕಳುಹಿಸಿದ ಮೂಲ ಕಡತವನ್ನು ಬೀಗ ತೆಗೆಯದೆ ಅದರ ಪಕ್ಕದಲ್ಲೇ ಇಡುತ್ತೇನೆ. ಪಾಸ್‌ವರ್ಡನ್ನು ಅಲ್ಲಿ ಬರೆಯುವುದಿಲ್ಲ; ಅದು ಕಚೇರಿಯ ಬೇರೆ ದಾಖಲೆಯಲ್ಲಿರುತ್ತದೆ, ಅರ್ಜಿ ಇತ್ಯರ್ಥವಾದ ಮೇಲೆ ಅಳಿಸಿಹಾಕುತ್ತೇವೆ.